ಬಿದಿರು ಟವೆಲ್‌ನ ಸುಳ್ಳು ಎಲ್ಲಿದೆ? ಗ್ರೀನ್‌ವಾಷಿಂಗನ್ನು ನೀತಿಶಾಸ್ತ್ರದಿಂದ ಅಳೆಯುವ ಬಗೆ

ಪ್ರಶ್ನೆ: ಸರ್, ನಾನು ಎಂಬಿಎ ವಿದ್ಯಾರ್ಥಿನಿ. ಮಾರ್ಕೆಟಿಂಗ್ ಎಥಿಕ್ಸ್ ಅಸೈನ್‌ಮೆಂಟ್‌ಗೆ ಗ್ರೀನ್‌ವಾಷಿಂಗ್, ಅಂದರೆ ಸರಕನ್ನು ಇರುವುದಕ್ಕಿಂತ ಹೆಚ್ಚು ಪರಿಸರಸ್ನೇಹಿ ಎಂದು ತೋರಿಸಿ ಮಾರುವುದು, ಎಂಬ ವಿಷಯ ಕೊಟ್ಟಿದ್ದಾರೆ. ಕಾಂಟ್, ಉಪಯುಕ್ತತಾವಾದ, ನ್ಯಾಯ, ಸದ್ಗುಣ ಎಲ್ಲವನ್ನೂ ಬಳಸಿ ಬರೆಯಬೇಕಂತೆ. ಆದರೆ ಯಾವುದನ್ನು ಹಚ್ಚಿ ನೋಡಿದರೂ "ಸುಳ್ಳು ಹೇಳುವುದು ತಪ್ಪು" ಎಂಬ ಒಂದೇ ಉತ್ತರ ಬರುತ್ತಿದೆ. ನಾಲ್ಕು ಸಿದ್ಧಾಂತ ಯಾಕೆ ಬೇಕು? ಒಂದು ನಿಜವಾದ ಪ್ರಕರಣ ಹಿಡಿದು ತೋರಿಸುತ್ತೀರಾ?

ಉತ್ತರ:

ಒಂದೇ ಉತ್ತರ ಬರುತ್ತಿರುವುದಕ್ಕೆ ಕಾರಣ ನೀವು ಆರಿಸಿಕೊಂಡಿರಬಹುದಾದ ಉದಾಹರಣೆ. ಹೆಚ್ಚಿನ ವಿದ್ಯಾರ್ಥಿಗಳು ಫೋಕ್ಸ್‌ವ್ಯಾಗನ್ ಡೀಸೆಲ್ ಹಗರಣವನ್ನು ಎತ್ತಿಕೊಳ್ಳುತ್ತಾರೆ. ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಹೊಗೆ ಕಡಿಮೆ ಮಾಡುವ ತಂತ್ರಾಂಶವನ್ನು ಕಾರಿನೊಳಗೆ ಅಡಗಿಸಿಟ್ಟದ್ದು ನೇರ ಮೋಸ. ಅದು ತಪ್ಪೆನ್ನಲು ಯಾವ ಸಿದ್ಧಾಂತವೂ ಬೇಕಿಲ್ಲ. ಅರ್ಧ ನಿಜ, ಅರ್ಧ ಮರೆ ಇರುವ ಮಾತನ್ನು ಹಿಡಿದುಕೊಂಡರೆ ಮಾತ್ರ ಒಂದೊಂದು ಸಿದ್ಧಾಂತ ಒಂದೊಂದು ಕಡೆ ಬೆರಳಿಡುವುದು ಕಾಣುತ್ತದೆ. ಅದಕ್ಕೆ ನಾನು ಸೂಚಿಸುವುದು "ಬಿದಿರು ಬಟ್ಟೆ". ಟವೆಲ್, ಬನಿಯನ್, ಕಾಲುಚೀಲ, ಮಕ್ಕಳ ಹಾಸಿಗೆ ಹೊದಿಕೆ ಎಲ್ಲವೂ ಇಂದು ಈ ಹೆಸರಿನಲ್ಲಿ ಮಾರಾಟವಾಗುತ್ತಿವೆ. ಆನ್‌ಲೈನ್ ಅಂಗಡಿಯಲ್ಲಿ ಹುಡುಕಿದರೆ ಐದು ನಿಮಿಷದಲ್ಲಿ ಹತ್ತು ಸಿಗುತ್ತವೆ.

ಮೊದಲು ಪ್ರಕರಣದ ಸಂಗತಿಗಳು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಅಂದರೆ ಎಫ್‌ಟಿಸಿ, 2009ರಲ್ಲಿ ನಾಲ್ಕು ಸಣ್ಣ ಮಾರಾಟಗಾರರ ಮೇಲೆ ದೂರು ಹೂಡಿತು. ಅವರು ಬಿದಿರು ಎಂದು ಮಾರುತ್ತಿದ್ದ ಬಟ್ಟೆ ವಾಸ್ತವದಲ್ಲಿ ರೇಯಾನ್ ಎಂಬುದು ಆರೋಪ. ಮರುವರ್ಷ, 2010ರಲ್ಲಿ, ಇದೇ ವಿಷಯವಾಗಿ 78 ವ್ಯಾಪಾರ ಸಂಸ್ಥೆಗಳಿಗೆ ಎಚ್ಚರಿಕೆಯ ಪತ್ರ ಹೋಯಿತು. 2013ರಲ್ಲಿ ಅಮೆಜಾನ್, ಮೇಸಿಸ್, ಸಿಯರ್ಸ್ ಮತ್ತು ಲಿಯೋನ್ ಮ್ಯಾಕ್ಸ್ ಸೇರಿ 12.6 ಲಕ್ಷ ಡಾಲರ್ ದಂಡ ತೆತ್ತವು. 2015ರಲ್ಲಿ ಇನ್ನೂ ನಾಲ್ಕು ಸಂಸ್ಥೆಗಳ ಸರದಿ ಬಂತು. 2022ರ ಏಪ್ರಿಲ್‌ನಲ್ಲಿ ಕೋಲ್ಸ್ 25 ಲಕ್ಷ, ವಾಲ್‌ಮಾರ್ಟ್ 30 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿಕೊಂಡವು. ಈ ಎರಡೂ ಹೆಸರು 2010ರಲ್ಲಿ ಪತ್ರ ಪಡೆದವರ ಪಟ್ಟಿಯಲ್ಲಿ ಇದ್ದವು. ಈ ಸಂಗತಿಯನ್ನು ಗುರುತು ಹಾಕಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಿದ್ಧಾಂತಕ್ಕೆ ಹೋಗುವ ಮುಂಚೆ ವಸ್ತು ಹೇಗೆ ತಯಾರಾಗುತ್ತದೆ ಎಂದು ತಿಳಿದಿರಬೇಕು. ಅದು ತಿಳಿಯದಿದ್ದರೆ ಯಾವ ಮಾತು ಸುಳ್ಳು, ಯಾವುದು ನಿಜ, ಯಾವುದು ದಾರಿ ತಪ್ಪಿಸುವಂಥದ್ದು ಎಂದು ಬೇರ್ಪಡಿಸಲು ಆಗುವುದಿಲ್ಲ. ಬಹಳಷ್ಟು ಅಸೈನ್‌ಮೆಂಟ್‌ಗಳು ಸೋಲುವುದು ಇಲ್ಲೇ.

ಬಿದಿರನ್ನು ಸಣ್ಣ ಚಕ್ಕೆಗಳಾಗಿ ಕತ್ತರಿಸಿ, ರಾಸಾಯನಿಕಗಳಲ್ಲಿ ಬೇಯಿಸಿ, ಬಿಳಿಯ ತಿರುಳು ಮಾಡುತ್ತಾರೆ. ಆ ತಿರುಳು ಬಹುಮಟ್ಟಿಗೆ ಶುದ್ಧ ಸೆಲ್ಯುಲೋಸ್. ಅದನ್ನು ಸುಮಾರು ಶೇ 18ರ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸಿ, ಹಿಂಡಿ, ಪುಡಿ ಮಾಡಿ, ಕೆಲಕಾಲ ಬಿಡುತ್ತಾರೆ. ಆಮೇಲೆ ಕಾರ್ಬನ್ ಡೈಸಲ್ಫೈಡ್ ಬೆರೆಸುತ್ತಾರೆ. ನೂರು ಕಿಲೋ ಸೆಲ್ಯುಲೋಸ್‌ಗೆ ಅಂದಾಜು 30 ಕಿಲೋ ಬೇಕಾಗುತ್ತದೆ. ಆಗ ಸಿಗುವ ವಸ್ತುವನ್ನು ತೆಳು ಕಾಸ್ಟಿಕ್ ಸೋಡಾದಲ್ಲಿ ಕರಗಿಸಿದರೆ ಜೇನಿನಂಥ ಮಂದ ದ್ರವವಾಗುತ್ತದೆ. ವಿಸ್ಕೋಸ್ ಎನ್ನುವುದು ಇದನ್ನೇ, ಇದರಿಂದ ತೆಗೆದ ಎಳೆಯೇ ಮೇಲೆ ಹೇಳಿದ ರೇಯಾನ್. ಈ ದ್ರವವನ್ನು ಸೂಕ್ಷ್ಮ ರಂಧ್ರಗಳ ಮೂಲಕ ಗಂಧಕಾಮ್ಲದ ತೊಟ್ಟಿಗೆ ಒತ್ತುತ್ತಾರೆ. ಅಲ್ಲಿ ಸೆಲ್ಯುಲೋಸ್ ಮತ್ತೆ ಗಟ್ಟಿಯಾಗಿ ಎಳೆಯಾಗುತ್ತದೆ, ಕಾರ್ಬನ್ ಡೈಸಲ್ಫೈಡ್ ಮತ್ತು ಹೈಡ್ರೋಜನ್ ಸಲ್ಫೈಡ್ ಅನಿಲಗಳು ಹೊರಬೀಳುತ್ತವೆ. ಒಳ್ಳೆಯ ಕಾರ್ಖಾನೆ ಅವುಗಳಲ್ಲಿ ದೊಡ್ಡ ಪಾಲನ್ನು ಹಿಡಿದು ಮರುಬಳಕೆ ಮಾಡುತ್ತದೆ. ಕೆಟ್ಟ ಕಾರ್ಖಾನೆ ಗಾಳಿಗೆ ಬಿಡುತ್ತದೆ. ಕಾರ್ಬನ್ ಡೈಸಲ್ಫೈಡನ್ನು ವರ್ಷಗಟ್ಟಲೆ ಉಸಿರಾಡಿದವರ ನರಗಳು, ಹೃದಯ, ಮನಸ್ಸು ಮೂರಕ್ಕೂ ಏಟು ಬೀಳುತ್ತದೆ ಎಂಬುದು ವೈದ್ಯಶಾಸ್ತ್ರಕ್ಕೆ ಹತ್ತೊಂಬತ್ತನೆಯ ಶತಮಾನದಿಂದಲೇ ಗೊತ್ತು.

ಕೊನೆಗೆ ಕೈಗೆ ಬರುವ ಎಳೆಯಲ್ಲಿ ಬಿದಿರಿನ ನಾರು ಉಳಿದಿರುವುದಿಲ್ಲ. ಅದು ಕರಗಿಸಿ ಮತ್ತೆ ಕಟ್ಟಿದ ಸೆಲ್ಯುಲೋಸ್. ಬಿದಿರಿನಿಂದ ಮಾಡಿದರೂ ನೀಲಗಿರಿ ಮರದಿಂದ ಮಾಡಿದರೂ ರಾಸಾಯನಿಕವಾಗಿ ಅದೇ. ಬಿದಿರಿಗೆ ಸೂಕ್ಷ್ಮಾಣುಗಳನ್ನು ತಡೆಯುವ ಗುಣ ಇದ್ದರೂ ಅದು ಈ ಸ್ನಾನಗಳನ್ನೆಲ್ಲ ದಾಟಿ ಟವೆಲ್‌ವರೆಗೆ ಬರುತ್ತದೆ ಎನ್ನಲು ಆಧಾರವಿಲ್ಲ. ಬಿದಿರನ್ನು ಜಜ್ಜಿ, ಕೊಳೆಸಿ, ನಾರು ಬಾಚಿ ತೆಗೆಯುವ ವಿಧಾನವೂ ಇದೆ. ಅದು ಸೆಣಬು, ಅಗಸೆ ನಾರಿನ ಜಾತಿಗೆ ಸೇರುತ್ತದೆ, ಒರಟು, ದುಬಾರಿ, ಪೇಟೆಯಲ್ಲಿ ಅಪರೂಪ. ಕೈಗೆ ಬೆಣ್ಣೆಯಂತೆ ಜಾರುವ "ಬಿದಿರು" ಬಟ್ಟೆ ಕಂಡರೆ ಅದು ವಿಸ್ಕೋಸ್ ಎಂದೇ ತಿಳಿಯಿರಿ.

ಈಗ ಒಂದು ಸಾಮಾನ್ಯ ಜಾಹೀರಾತಿನ ಮಾತನ್ನು ಬಿಡಿಸೋಣ. ಉದಾಹರಣೆಗಾಗಿ ನಾನೇ ಕಟ್ಟಿದ್ದು: "ಶೇ 100 ಬಿದಿರು ಟವೆಲ್. ಬೇಗ ಬೆಳೆಯುವ, ಕೀಟನಾಶಕ ಬೇಡದ ಬಿದಿರಿನಿಂದ. ಪರಿಸರಸ್ನೇಹಿ. ಬ್ಯಾಕ್ಟೀರಿಯಾ ನಿರೋಧಕ." ಮೊದಲ ವಾಕ್ಯ ಸುಳ್ಳು. ಎರಡನೆಯದು ಬೆಳೆಯ ಮಟ್ಟಿಗೆ ಬಹುತೇಕ ನಿಜ. ಮೂರನೆಯದು ನಿಜವೋ ಸುಳ್ಳೋ ಎಂದು ಪರೀಕ್ಷಿಸಲೂ ಆಗದಷ್ಟು ಮಸುಕು. ನಾಲ್ಕನೆಯದಕ್ಕೆ ಪುರಾವೆ ಬೇಕು, ಅದು ಇಲ್ಲ. ಇವುಗಳಲ್ಲಿ ನನಗೆ ಅತ್ಯಂತ ಅಪಾಯಕಾರಿಯಾಗಿ ಕಾಣುವುದು ನಿಜವಾಗಿರುವ ಎರಡನೆಯ ವಾಕ್ಯ. ಹೊಲದಲ್ಲಿರುವ ಬಿದಿರಿನ ಗುಣವನ್ನು ಅದು ಕಾರ್ಖಾನೆಯಿಂದ ಬಂದ ಟವೆಲ್‌ಗೆ ಅಂಟಿಸುತ್ತದೆ. ಕೊಳ್ಳುವವರು ನಡುವಿನ ಹಂತವನ್ನು ಕಾಣುವುದೇ ಇಲ್ಲ. ಮಾತು ನಿಜ, ಅದರಿಂದ ಮೂಡುವ ತಿಳಿವಳಿಕೆ ಸುಳ್ಳು. ನಿಮ್ಮ ಅಸೈನ್‌ಮೆಂಟಿನ ಕೇಂದ್ರ ಇದಾಗಲಿ. ಸಿದ್ಧಾಂತಗಳ ಕವಲು ಒಡೆಯುವುದು ಈ ಎರಡನೆಯ ವಾಕ್ಯದ ಮೇಲೆಯೇ.

ಕಾಂಟ್‌ನಿಂದ ಶುರು ಮಾಡಿ. ವಿದ್ಯಾರ್ಥಿಗಳು "ಸುಳ್ಳು ಹೇಳಬಾರದು ಎಂಬುದು ಕರ್ತವ್ಯ" ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಅಷ್ಟು ಸಾಲದು. ಕಾಂಟ್ ಕೇಳುವುದು ಕೆಲಸದ ಹಿಂದಿರುವ ನಿಯಮವನ್ನು. ಆ ನಿಯಮವನ್ನು ಮೊದಲು ಒಂದು ವಾಕ್ಯದಲ್ಲಿ ಬರೆಯಿರಿ: "ಬೆಲೆ ಹೆಚ್ಚು ಸಿಗುವುದಾದರೆ, ಕಚ್ಚಾವಸ್ತುವಿನ ಹೆಸರನ್ನೇ ಸಿದ್ಧವಸ್ತುವಿನ ಹೆಸರಾಗಿ ಹಾಕುತ್ತೇನೆ." ಇದನ್ನು ಎಲ್ಲರೂ ಪಾಲಿಸಿದರೆ ಏನಾಗುತ್ತದೆ? ಮರದ ತಿರುಳಿನ ರೇಯಾನ್ "ಮರದ ಬಟ್ಟೆ" ಆಗುತ್ತದೆ, ಪಾಲಿಯೆಸ್ಟರ್ "ಕಚ್ಚಾತೈಲದ ಬಟ್ಟೆ" ಆಗುತ್ತದೆ. ಚೀಟಿಯ ಮೇಲಿನ ಹೆಸರು ಬಟ್ಟೆಯ ಬಗ್ಗೆ ಏನನ್ನೂ ಹೇಳದಂತಾಗುತ್ತದೆ. ಚೀಟಿಯನ್ನು ಯಾರೂ ನಂಬದ ಪೇಟೆಯಲ್ಲಿ "ಬಿದಿರು" ಎಂಬ ಪದಕ್ಕೆ ಹೆಚ್ಚಿನ ಬೆಲೆಯೂ ಸಿಗುವುದಿಲ್ಲ. ಉಳಿದವರು ಪ್ರಾಮಾಣಿಕರಾಗಿರುವವರೆಗೆ ಮಾತ್ರ ನಡೆಯುವ ನಿಯಮ ಅದು, ಎಲ್ಲರಿಗೂ ಹರಡಿದರೆ ತನ್ನನ್ನು ತಾನೇ ಕಡಿದುಕೊಳ್ಳುತ್ತದೆ. ಕಾಂಟ್‌ನ ಪ್ರಕಾರ ತಪ್ಪಿನ ಗುರುತು ಇದು.

ಎರಡನೆಯ ಮೆಟ್ಟಿಲು, ಮನುಷ್ಯರನ್ನು ಬರೀ ಸಾಧನವಾಗಿ ಬಳಸಬಾರದು ಎಂಬುದು. ಪರಿಸರದ ಬಗ್ಗೆ ಕಾಳಜಿ ಇರುವ ಗ್ರಾಹಕಿ ನೂರು ರೂಪಾಯಿ ಹೆಚ್ಚು ಕೊಡಲು ತಾನಾಗಿ ನಿರ್ಧರಿಸಿದ್ದಾಳೆ. ಅವಳ ನಿರ್ಧಾರಕ್ಕೆ ಆಧಾರವಾದ ಸಂಗತಿಯನ್ನೇ ತಪ್ಪಾಗಿ ಕೊಟ್ಟರೆ ನಿರ್ಧಾರ ಅವಳದಾಗಿ ಉಳಿಯುವುದಿಲ್ಲ. ಇಲ್ಲಿ ದುರುಪಯೋಗವಾಗುವುದು ಅವಳ ಒಳ್ಳೆಯತನವೇ. ಉದಾಸೀನ ಇರುವವರು ಈ ಟವೆಲ್‌ಗೆ ಹೆಚ್ಚು ಹಣ ಕೊಡುವುದಿಲ್ಲ, ಹಾಗಾಗಿ ಅವರಿಗೆ ಮೋಸವೂ ಆಗುವುದಿಲ್ಲ. ಎರಡನೆಯ ವಾಕ್ಯ ಅಕ್ಷರಶಃ ನಿಜವಾಗಿದ್ದರೂ ಈ ಪರೀಕ್ಷೆಯಲ್ಲಿ ಸೋಲುತ್ತದೆ. ಅದನ್ನು ಅಲ್ಲಿ ಇಟ್ಟಿರುವುದೇ ತಪ್ಪು ತೀರ್ಮಾನಕ್ಕೆ ನೂಕಲು.

ಇನ್ನು ಕಾಂಟ್ ಒಡ್ಡುವ ಕಷ್ಟದ ಪ್ರಶ್ನೆ: ಅಂಗಡಿಯವರಿಗೆ ನಿಜವಾಗಿ ಗೊತ್ತಿಲ್ಲದಿದ್ದರೆ? ಸರಬರಾಜುದಾರ "ಬಿದಿರು" ಎಂದ, ಇವರು ಹಾಗೇ ಹಾಕಿದರು. ಗೊತ್ತಿಲ್ಲದೆ ಹೇಳಿದ ಮಾತು ಸುಳ್ಳಲ್ಲ. ಆದರೆ 2010ರ ಪತ್ರ ಕೈಗೆ ಬಂದ ಮೇಲೆ ಸ್ಥಿತಿ ಬದಲಾಯಿತು. ಆಮೇಲೂ ಕೇಳದೆ ಹಾಕಿದರೆ ಅಲ್ಲಿ ಕೆಲಸ ಮಾಡುತ್ತಿರುವ ನಿಯಮ "ತಿಳಿಯದಿರುವುದು ಲಾಭಕರವಾದಾಗ ನಾನು ವಿಚಾರಿಸುವುದಿಲ್ಲ" ಎಂಬುದು. ಅದನ್ನೂ ಮೇಲಿನ ಪರೀಕ್ಷೆಗೆ ಒಡ್ಡಿ ನೋಡಿ. ದಿನಾಂಕಗಳು ನೀತಿಯ ವಿಶ್ಲೇಷಣೆಯಲ್ಲಿ ಅಲಂಕಾರಕ್ಕಿರುವುದಿಲ್ಲ, ಅವು ಹೊಣೆಯ ಅಳತೆ.

ಉಪಯುಕ್ತತಾವಾದ ನೋಡುವುದು ಎಲ್ಲರಿಗೂ ಸೇರಿ ಒಟ್ಟು ಎಷ್ಟು ಒಳಿತಾಯಿತು, ಎಷ್ಟು ಕೆಡುಕಾಯಿತು ಎಂಬುದನ್ನು, ಹಾಗಾಗಿ ಲೆಕ್ಕ ಮಾಡಲೇಬೇಕು, ಮತ್ತು ಇಲ್ಲಿ ಒಂದು ಬಲೆ ಇದೆ. ಲೆಕ್ಕಕ್ಕಾಗಿ ಹೀಗೆ ಊಹಿಸಿಕೊಳ್ಳಿ: ಸಾಮಾನ್ಯ ವಿಸ್ಕೋಸ್ ಟವೆಲ್ 400 ರೂಪಾಯಿ, ಅದೇ ಟವೆಲ್ "ಬಿದಿರು" ಚೀಟಿಯೊಂದಿಗೆ 500. ಒಂದು ಲಕ್ಷ ಟವೆಲ್ ಮಾರಾಟವಾದರೆ ಗ್ರಾಹಕರು ಒಂದು ಕೋಟಿ ಹೆಚ್ಚು ಕೊಟ್ಟಂತೆ. "ಗ್ರಾಹಕರಿಗೆ ಒಂದು ಕೋಟಿ ನಷ್ಟ, ಆದ್ದರಿಂದ ತಪ್ಪು" ಎಂದು ಬರೆದರೆ ಪ್ರಾಧ್ಯಾಪಕರು ಕೆಂಪು ಗೆರೆ ಎಳೆಯುತ್ತಾರೆ. ಆ ಕೋಟಿ ಮಾರಾಟಗಾರರ ಕಡೆ ಲಾಭವಾಗಿ ಬಂದಿದೆ. ಒಟ್ಟು ಮೊತ್ತದಲ್ಲಿ ಇದು ಒಂದು ಜೇಬಿನಿಂದ ಇನ್ನೊಂದಕ್ಕೆ ಹೋದ ಹಣ. ಅದರ ಮೇಲೆ, ತಾನು ಒಳ್ಳೆಯದು ಮಾಡಿದೆ ಎಂಬ ಸಮಾಧಾನ ಗ್ರಾಹಕಿಗೆ ಸಿಕ್ಕಿದೆ. ಸತ್ಯ ತಿಳಿಯದಿದ್ದರೆ ಆ ಸಂತೋಷವೂ ಉಳಿಯುತ್ತದೆ. ಇಷ್ಟಕ್ಕೇ ನಿಲ್ಲಿಸಿದರೆ ಉಪಯುಕ್ತತಾವಾದ ಈ ಚೀಟಿಯನ್ನು ಪಾಸು ಮಾಡಿಬಿಡುತ್ತದೆ.

ನಿಜವಾದ ನಷ್ಟ ಬೇರೆ ಮೂರು ಕಡೆ ಇದೆ. ಒಂದು, ಆ ನೂರು ರೂಪಾಯಿಯಿಂದ ಆಗಬಹುದಾಗಿದ್ದ ಕೆಲಸ ಆಗಲಿಲ್ಲ. ಲಯೊಸೆಲ್ ಎಂಬ ಇನ್ನೊಂದು ವಿಧಾನವಿದೆ. ಅದರಲ್ಲಿ ಕಾರ್ಬನ್ ಡೈಸಲ್ಫೈಡ್ ಇಲ್ಲ, ಬಳಸುವ ದ್ರಾವಕದಲ್ಲಿ ಶೇ 99ಕ್ಕೂ ಹೆಚ್ಚು ಪಾಲನ್ನು ಮರಳಿ ಹಿಡಿಯಬಹುದು. ಗ್ರಾಹಕಿ ಕೊಟ್ಟ ಹೆಚ್ಚಿನ ಹಣ ಅಂಥ ಕಾರ್ಖಾನೆಗೆ ಹೋಗಬೇಕಿತ್ತು, ಚೀಟಿ ಅದನ್ನು ಬೇರೆಡೆಗೆ ತಿರುಗಿಸಿತು. ಎರಡು, ಪ್ರಾಮಾಣಿಕ ಸ್ಪರ್ಧಿ ಸೋಲುತ್ತಾನೆ. "ಮರದ ತಿರುಳಿನ ಲಯೊಸೆಲ್" ಎಂದು ನೇರವಾಗಿ ಬರೆದವನ ಟವೆಲ್ "ಶೇ 100 ಬಿದಿರು" ಪಕ್ಕದಲ್ಲಿ ಕೃತಕವಾಗಿ ಕಾಣುತ್ತದೆ. ಗುಣ ಗೊತ್ತಾಗದ ಪೇಟೆಯಲ್ಲಿ ಒಳ್ಳೆಯ ಸರಕು ಹಿಂದೆ ಸರಿದು ಕೆಟ್ಟದ್ದೇ ಉಳಿಯುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆ ಕೊಟ್ಟು ತೋರಿಸಿದ್ದು ಇಲ್ಲಿ ಹಾಗೇ ಅನ್ವಯಿಸುತ್ತದೆ. ಮೂರು, ಸತ್ಯ ಹೊರಬಿದ್ದ ದಿನ ನಂಬಿಕೆ ಕುಸಿಯುತ್ತದೆ, ಅದೂ ಒಂದು ಬ್ರಾಂಡಿನ ಮೇಲಷ್ಟೇ ಅಲ್ಲ. "ಇವೆಲ್ಲ ಬೂಟಾಟಿಕೆ" ಎಂದು ಜನ ಕೈಚೆಲ್ಲಿದರೆ ನಿಜವಾದ ಹಸಿರು ಸರಕಿಗೂ ಗಿರಾಕಿ ಇರುವುದಿಲ್ಲ. ಇವು ಮೂರೂ ಒಂದೊಂದು ಟವೆಲ್‌ಗೆ ಕಾಣುವುದಿಲ್ಲ, ರೂಢಿಯಾದಾಗ ಕಾಣುತ್ತವೆ. ಆದ್ದರಿಂದ ಒಂದೊಂದು ಕ್ರಿಯೆಯನ್ನು ತೂಗುವ ಉಪಯುಕ್ತತಾವಾದ ಮತ್ತು ನಿಯಮವನ್ನು ತೂಗುವ ಉಪಯುಕ್ತತಾವಾದ ಎರಡನ್ನೂ ಬೇರೆ ಬೇರೆಯಾಗಿ ಬರೆಯಿರಿ. ಮೊದಲನೆಯದು ಇಲ್ಲಿ ತಡವರಿಸುತ್ತದೆ ಎಂದು ಒಪ್ಪಿಕೊಳ್ಳಿ. ಆ ಒಪ್ಪಿಗೆ ಉತ್ತರವನ್ನು ಗಟ್ಟಿ ಮಾಡುತ್ತದೆ.

ನ್ಯಾಯದ ದೃಷ್ಟಿ ಗ್ರಾಹಕಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಚೀಟಿಯಲ್ಲಿ ಎಲ್ಲೂ ಕಾಣದವರನ್ನು ಕರೆದು ನಿಲ್ಲಿಸುತ್ತದೆ. ಜಾನ್ ರಾಲ್ಸ್ ಹೇಳುವ ಅಜ್ಞಾನದ ಪರದೆಯ ಹಿಂದೆ ನಿಂತು ನೋಡಿ. ನೀವು ಟವೆಲ್ ಕೊಳ್ಳುವವರಾಗಿ ಹುಟ್ಟುತ್ತೀರೋ, ಎಳೆ ತೆಗೆಯುವ ತೊಟ್ಟಿಯ ಬಳಿ ನಿಲ್ಲುವ ಕಾರ್ಮಿಕರಾಗಿಯೋ, ಕಾರ್ಖಾನೆಯ ಕೆಳಗಿನ ಹೊಳೆಯಲ್ಲಿ ಮೀನು ಹಿಡಿಯುವವರಾಗಿಯೋ ಗೊತ್ತಿಲ್ಲ. ಹಾಗಿರುವಾಗ "ಪರಿಸರಸ್ನೇಹಿ" ಎಂಬ ಪದಕ್ಕೆ ಕಾರ್ಖಾನೆಯ ಹಂತವನ್ನು ಬಿಟ್ಟು ಅರ್ಥ ಕೊಡಲು ಒಪ್ಪುತ್ತೀರಾ?

ಇಲ್ಲಿ ಕರ್ನಾಟಕದ ಒಂದು ನಿಜ ಪ್ರಸಂಗ ನಿಮ್ಮ ಕೆಲಸಕ್ಕೆ ಬರುತ್ತದೆ. ಹರಿಹರದ ಬಳಿ ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಲ್ಲಿರುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ರೇಯಾನಿಗೆ ಬೇಕಾದ ತಿರುಳು ತಯಾರಿಸುವಂಥದ್ದು. 1980ರ ದಶಕದಲ್ಲಿ ಹೊಳೆಯ ಮಾಲಿನ್ಯದ ವಿರುದ್ಧ ಸಮಾಜ ಪರಿವರ್ತನ ಸಮುದಾಯ ಹೋರಾಟ ಕಟ್ಟಿತು. ಅದೇ ಕಾಲದಲ್ಲಿ ತಿರುಳಿನ ಮರಕ್ಕಾಗಿ ರಾಜ್ಯ ಸರ್ಕಾರ ಆ ಕಂಪನಿಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆ ಮಾಡಿ, ಹಳ್ಳಿಗರು ದನ ಮೇಯಿಸುತ್ತಿದ್ದ, ಸೌದೆ ತರುತ್ತಿದ್ದ ಭೂಮಿಯಲ್ಲಿ ನೀಲಗಿರಿ ಬೆಳೆಸಲು ಹೊರಟಿತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ ಎಂದು ಹೆಸರಾದದ್ದು ಇದು. ಅಲ್ಲಿದ್ದದ್ದು ಬಿದಿರಲ್ಲ, ನೀಲಗಿರಿ. ಎರಡನ್ನೂ ಒಂದೇ ಪ್ರಕರಣವೆಂಬಂತೆ ಬೆರೆಸಬೇಡಿ. ಈ ಪ್ರಸಂಗ ತೋರಿಸುವುದು ಬಟ್ಟೆಯ ಕಚ್ಚಾವಸ್ತು "ಸಸ್ಯಮೂಲ" ಆಗಿದ್ದ ಮಾತ್ರಕ್ಕೆ ಹೊಳೆಗೂ ಗೋಮಾಳಕ್ಕೂ ಭಾರ ಬೀಳುವುದು ತಪ್ಪುವುದಿಲ್ಲ ಎಂಬುದನ್ನು. ಚೀಟಿಯ ಮೇಲಿನ ಹಸಿರೆಲೆ ಮುಚ್ಚಿಹಾಕುವುದು ಈ ಭಾರವನ್ನೇ.

ಆದರೆ ಕಾರಣ-ಪರಿಣಾಮದಲ್ಲಿ ಎಚ್ಚರವಿರಲಿ. "ಗ್ರೀನ್‌ವಾಷಿಂಗ್‌ನಿಂದ ಕಾರ್ಮಿಕರ ಆರೋಗ್ಯ ಕೆಟ್ಟಿತು" ಎಂದು ಬರೆದರೆ ತಪ್ಪಾಗುತ್ತದೆ. ಆರೋಗ್ಯ ಕೆಡಿಸುವುದು ವಿಸ್ಕೋಸ್ ತಯಾರಿಕೆಯ ಅನಿಲ, ಸುಳ್ಳು ಚೀಟಿ ಇಲ್ಲದಿದ್ದರೂ ಅದು ಇರುತ್ತದೆ. ಚೀಟಿ ಮಾಡುವುದು ಒತ್ತಡವನ್ನು ತೆಗೆದುಹಾಕುವ ಕೆಲಸ. ವಿಸ್ಕೋಸ್ ಎಂದು ಬರೆದಿದ್ದರೆ ಕೆಲವರಾದರೂ "ಯಾವ ಕಾರ್ಖಾನೆ, ಅನಿಲ ಹಿಡಿಯುತ್ತಾರಾ?" ಎಂದು ಕೇಳುತ್ತಿದ್ದರು. ಬಿದಿರು ಎಂದಾಗ ಆ ಪ್ರಶ್ನೆ ಹುಟ್ಟುವುದೇ ಇಲ್ಲ.

ಸದ್ಗುಣದ ನೀತಿಯ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಅದು ಒಂದು ಕೆಲಸವನ್ನು ಬಿಟ್ಟು, ವರ್ಷಗಳ ನಡವಳಿಕೆಯನ್ನು ನೋಡುತ್ತದೆ. ಪತ್ರ ಬಂದ ಮೇಲೆ, 2013ರಲ್ಲೂ 2015ರಲ್ಲೂ ಬೇರೆಯವರಿಗೆ ದಂಡ ಬಿದ್ದದ್ದನ್ನು ಕಂಡ ಮೇಲೆ, 2022ರಲ್ಲೂ ಅದೇ ಆರೋಪಕ್ಕೆ ಉತ್ತರ ಕೊಡಬೇಕಾಗಿ ಬಂದ ಸಂಸ್ಥೆಯ ಸ್ವಭಾವದ ಬಗ್ಗೆ ಏನು ಹೇಳಬಹುದು? ನನ್ನ ಅಭಿಪ್ರಾಯದಲ್ಲಿ ಇಂಥ ಕಡೆ ದುರುದ್ದೇಶಕ್ಕಿಂತ ಅಲಕ್ಷ್ಯ ರೂಢಿಯಾಗಿರುತ್ತದೆ. ಖರೀದಿ ವಿಭಾಗ ಬೆಲೆ ನೋಡುತ್ತದೆ, ಜಾಹೀರಾತು ವಿಭಾಗ ಮಾರಾಟವಾಗುವ ಪದ ನೋಡುತ್ತದೆ, ಎರಡರ ನಡುವೆ "ಇದು ನಿಜವೇ?" ಎಂದು ಕೇಳುವುದು ಯಾರ ಕೆಲಸವೂ ಆಗಿರುವುದಿಲ್ಲ. ಹಾಗಾಗಿ ಈ ಭಾಗದಲ್ಲಿ "ದುರಾಸೆ" ಎಂಬ ದೊಡ್ಡ ಪದ ಬರೆಯುವ ಬದಲು, ಸಂಸ್ಥೆಯೊಳಗೆ ಯಾವ ಮೇಜಿನ ಮೇಲೆ ಯಾವ ಕಾಗದ ನಿಲ್ಲಬೇಕಿತ್ತು ಎಂದು ಬರೆಯಿರಿ.

ಈಗ ನಿಮ್ಮ ಮೂಲ ಪ್ರಶ್ನೆಗೆ, ನಾಲ್ಕು ಸಿದ್ಧಾಂತ ಯಾಕೆ ಎಂಬುದಕ್ಕೆ, ಒಂದು ಚಿಕ್ಕ ಪ್ರಯೋಗ. ಚೀಟಿಯನ್ನು ತಿದ್ದಿ: "ಬಿದಿರಿನಿಂದ ತಯಾರಿಸಿದ ವಿಸ್ಕೋಸ್, ಶೇ 100." ಎಫ್‌ಟಿಸಿ ಒಪ್ಪುವ ಹೆಸರು ಈ ಬಗೆಯದೇ. ಅದರ ಪಕ್ಕದಲ್ಲಿ ದೊಡ್ಡದಾಗಿ ಬಿದಿರು ಮೆಳೆಯ ಚಿತ್ರ ಉಳಿಸಿಕೊಳ್ಳಿ. ಕಾಂಟ್ ಈಗ ಚಿತ್ರದ ಉದ್ದೇಶ ಕೇಳುತ್ತಾನೆ: ಪದಗಳಲ್ಲಿ ಬಿಟ್ಟುಕೊಟ್ಟದ್ದನ್ನು ಚಿತ್ರದಲ್ಲಿ ಮರಳಿ ಪಡೆಯುವ ಹಂಚಿಕೆಯೇ? ಉಪಯುಕ್ತತಾವಾದಿಗೆ ಉದ್ದೇಶ ಬೇಡ, ಎಷ್ಟು ಜನ ನಿಜವಾಗಿ ತಪ್ಪು ತಿಳಿಯುತ್ತಾರೆ ಎಂಬ ಎಣಿಕೆ ಬೇಕು. ಇದನ್ನು ನೀವೇ ಮೂವತ್ತು ಸಹಪಾಠಿಗಳಿಗೆ ಚೀಟಿ ತೋರಿಸಿ "ಇದು ಯಾವ ನಾರು?" ಎಂದು ಕೇಳಿ ಅಳೆಯಬಹುದು. ನ್ಯಾಯದ ದೃಷ್ಟಿಗೆ ಈ ತಿದ್ದುಪಡಿಯಿಂದ ಸಮಾಧಾನವೇ ಇಲ್ಲ. ಪದ ಸರಿಯಾಯಿತು, ತೊಟ್ಟಿಯ ಬಳಿ ನಿಂತವರ ಗಾಳಿ ಬದಲಾಗಲಿಲ್ಲ. ಸದ್ಗುಣದ ನೀತಿ ಮುಂದಿನ ವರ್ಷದ ಕ್ಯಾಟಲಾಗ್ ಬರುವವರೆಗೆ ಕಾಯುತ್ತದೆ. ಮೊದಲ ಚೀಟಿಗೆ ನಾಲ್ವರೂ ಒಂದಾಗಿ ಬೇಡ ಎಂದಿದ್ದರು. ತಿದ್ದಿದ ಚೀಟಿಗೆ ನಾಲ್ಕು ಬೇರೆ ಮಾತು ಬಂದಿವೆ. ಅಸೈನ್‌ಮೆಂಟಿನ ಅರ್ಧ ಪುಟಗಳನ್ನು ಈ ಎರಡನೆಯ ಚೀಟಿಗೆ ಮೀಸಲಿಡಿ.

ಕಾನೂನಿನ ಭಾಗ ಬೇಕಿದ್ದರೆ ಭಾರತದ್ದನ್ನೇ ತೆಗೆದುಕೊಳ್ಳಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಗ್ರೀನ್‌ವಾಷಿಂಗ್ ತಡೆಯುವ ಮಾರ್ಗಸೂಚಿ ಹೊರಡಿಸಿದೆ. ಸಂಗತಿ ಮುಚ್ಚಿಡುವುದು, ಉತ್ಪ್ರೇಕ್ಷೆ, ಮಸುಕು ಮಾತು, ದಾರಿ ತಪ್ಪಿಸುವ ಚಿಹ್ನೆ ಮತ್ತು ಚಿತ್ರ, ಒಳ್ಳೆಯ ಅಂಶವನ್ನು ಎತ್ತಿ ಹಿಡಿದು ಹಾನಿಯನ್ನು ಅಡಗಿಸುವುದು ಎಲ್ಲವೂ ಅದರ ವ್ಯಾಖ್ಯೆಯಲ್ಲಿ ಬರುತ್ತವೆ. "ಹಸಿರು", "ಪರಿಸರಸ್ನೇಹಿ" ಥರದ ಸಾಮಾನ್ಯ ಪದ ಬಳಸಿದರೆ ಯಾವ ಅರ್ಥದಲ್ಲಿ ಎಂಬ ವಿವರಣೆ ಮತ್ತು ಪುರಾವೆ ಕೊಡಬೇಕು, ಕ್ಯೂಆರ್ ಕೋಡ್ ಅಥವಾ ಜಾಲತಾಣದ ಕೊಂಡಿ ಮೂಲಕವೂ ಕೊಡಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಆದರೆ ಯಾವುದೇ ಸರಕಿಗೆ ನಿರ್ದಿಷ್ಟವಾಗಿ ಸಂಬಂಧಿಸದ ಕಂಪನಿಯ ಧ್ಯೇಯವಾಕ್ಯವನ್ನು ಮಾರ್ಗಸೂಚಿ ಹೊರಗಿಟ್ಟಿದೆ. "ಭೂಮಿಗಾಗಿ ನಾವು" ಎಂದು ಕಂಪನಿ ಬರೆದುಕೊಂಡರೆ ಕಾನೂನು ಸುಮ್ಮನಿರಬಹುದು, ಮೇಲಿನ ನೀತಿ ಪ್ರಶ್ನೆಗಳು ಸುಮ್ಮನಿರುವುದಿಲ್ಲ. ಕಾನೂನು ಮತ್ತು ನೀತಿಯ ವ್ಯತ್ಯಾಸಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಕೊನೆಯದಾಗಿ, ಸ್ವಂತ ಸಾಕ್ಷ್ಯ ಕಲೆಹಾಕುವ ಕೆಲಸ. ಆನ್‌ಲೈನ್‌ನಲ್ಲಿ ಮೂರು "ಬಿದಿರು" ಸರಕು ಆರಿಸಿ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಶೀರ್ಷಿಕೆಯಲ್ಲಿ ಏನಿದೆ, ಕೆಳಗೆ ಬಟ್ಟೆಯ ವಿವರದ ಜಾಗದಲ್ಲಿ ಏನಿದೆ ಎಂದು ಹೋಲಿಸಿ. ಮೇಲೆ "ಬಿದಿರು" ಎಂದಿದ್ದು ಕೆಳಗೆ "ವಿಸ್ಕೋಸ್" ಅಥವಾ "ಹತ್ತಿ ಮಿಶ್ರಣ" ಎಂದಿದ್ದರೆ ಆ ಅಂತರವೇ ನಿಮ್ಮ ಸಾಕ್ಷ್ಯ. ಎಳೆ ಸುಟ್ಟು ನೋಡುವ ಪರೀಕ್ಷೆಯನ್ನು ನಂಬಬೇಡಿ. ಪಾಲಿಯೆಸ್ಟರ್ ಕರಗಿ ಗಂಟಾಗುವುದರಿಂದ ಅದನ್ನು ಹಿಡಿಯಬಹುದು, ಆದರೆ ಹತ್ತಿ, ವಿಸ್ಕೋಸ್, ಬಿದಿರಿನ ನಾರು ಮೂರೂ ಸೆಲ್ಯುಲೋಸ್ ಆದ್ದರಿಂದ ಕಾಗದದಂತೆಯೇ ಉರಿಯುತ್ತವೆ. ಕಾಲೇಜಿನಲ್ಲಿ ಸೂಕ್ಷ್ಮದರ್ಶಕ ಸಿಕ್ಕರೆ ನೋಡಿ: ವಿಸ್ಕೋಸ್ ಎಳೆ ಉದ್ದಕ್ಕೂ ಗೀರುಗಳಿರುವ ಸಮನಾದ ಕಡ್ಡಿಯಂತೆ ಕಾಣುತ್ತದೆ, ಬಾಚಿ ತೆಗೆದ ಸಸ್ಯನಾರಿನಲ್ಲಿ ಅಲ್ಲಲ್ಲಿ ಅಡ್ಡ ಗುರುತುಗಳಿರುತ್ತವೆ.

ಪ್ರಮಾಣಪತ್ರದ ಮುದ್ರೆ ಕಂಡರೆ ಅದು ಯಾವ ಹಂತಕ್ಕೆ ಸೇರಿದ್ದು ಎಂದು ಕೇಳಿ. ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಹೇಳುವುದು ಸಿದ್ಧ ಬಟ್ಟೆಯಲ್ಲಿ ಹಾನಿಕರ ವಸ್ತು ಮಿತಿಯೊಳಗಿದೆ ಎಂದಷ್ಟೇ. ಎಫ್‌ಎಸ್‌ಸಿ ಹೇಳುವುದು ಮರ ಅಥವಾ ಬಿದಿರು ಬಂದ ಕಾಡಿನ ಬಗ್ಗೆ. ಎರಡೂ ಪ್ರಾಮಾಣಿಕವಾಗಿ ಇದ್ದಾಗಲೂ ಕಾರ್ಬನ್ ಡೈಸಲ್ಫೈಡ್ ಎಲ್ಲಿ ಹೋಯಿತು ಎಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ. ಮಾರಾಟಗಾರರಿಗೆ ಒಂದು ಇಮೇಲ್ ಬರೆದು ಮೂರೇ ಸಂಗತಿ ಕೇಳಿ: ನಾರಿನ ನಿಖರ ಹೆಸರು, ತಿರುಳನ್ನು ಎಳೆ ಮಾಡಿದ ಕಾರ್ಖಾನೆ, ಅಲ್ಲಿ ಕಾರ್ಬನ್ ಡೈಸಲ್ಫೈಡಿನ ಎಷ್ಟು ಪಾಲು ಮರಳಿ ಹಿಡಿಯುತ್ತಾರೆ ಎಂಬುದು. ಉತ್ತರ ಬಂದರೆ ಅನುಬಂಧದಲ್ಲಿ ಸೇರಿಸಿ. ಹದಿನೈದು ದಿನ ಕಳೆದರೂ ಬರದಿದ್ದರೆ ಕಳಿಸಿದ ದಿನಾಂಕದೊಂದಿಗೆ ಅದನ್ನೂ ಸೇರಿಸಿ, "ಉತ್ತರ ಬಂದಿಲ್ಲ" ಎಂದಷ್ಟೇ ಬರೆಯಿರಿ. ಉತ್ತರಿಸದಿರುವುದನ್ನು ತಪ್ಪೊಪ್ಪಿಗೆ ಎಂದು ಓದಬೇಡಿ.